ಗೃಹಪ್ರವೇಶಕ್ಕೆ ಮುಹೂರ್ತ ಕೇಳುವಾಗ ಪುರೋಹಿತರಿಗೆ ಏನೇನು ಹೇಳಬೇಕು

"ಭಟ್ಟರೆ, ಮುಂದಿನ ತಿಂಗಳು ಗೃಹಪ್ರವೇಶಕ್ಕೆ ಒಂದು ಒಳ್ಳೆಯ ದಿನ ನೋಡಿ ಹೇಳಿ" ಎಂದು ಫೋನ್ ಮಾಡಿದರೆ ಪುರೋಹಿತರು ಏನನ್ನೂ ಹೇಳಲಾರರು. ಯಾರ ಹೆಸರಿನಲ್ಲಿ ನೋಡಬೇಕು, ಮನೆ ಯಾವ ಊರಿನಲ್ಲಿದೆ, ಹೊಸದೋ ಹಳೆಯದೋ, ಯಾವ ದಿನಗಳು ಆಗುವುದಿಲ್ಲ ಎಂಬುದನ್ನೆಲ್ಲ ಅವರು ಒಂದೊಂದಾಗಿ ಕೇಳಿ ತಿಳಿಯಬೇಕಾಗುತ್ತದೆ. ಅವರು ಕೇಳಲು ಮರೆತ ವಿಷಯ ದಿನ ಗೊತ್ತಾದ ಮೇಲೆ ಹೊರಬೀಳುತ್ತದೆ. ಆಗ ಪಂಚಾಂಗ ಮತ್ತೆ ಬಿಚ್ಚಬೇಕು. ಮದುವೆ, ಉಪನಯನ, ನಾಮಕರಣಗಳಿಗೂ ಈ ಮಾತು ಸಲ್ಲುತ್ತದೆ. ಆದರೆ ಒಂದೊಂದು ಶುಭಕಾರ್ಯದ ಲೆಕ್ಕ ಒಂದೊಂದು ಥರ. ಆದ್ದರಿಂದ ಇಲ್ಲಿ ಗೃಹಪ್ರವೇಶವೊಂದನ್ನೇ ಹಿಡಿದು ಹೋಗೋಣ.

ಪುರೋಹಿತರು ನೋಡುವುದೇನು

ಅವರ ಕೆಲಸವನ್ನು ನಾವು ಕಲಿಯಬೇಕಾಗಿಲ್ಲ, ಆದರೆ ನಮ್ಮ ಮಾಹಿತಿ ಎಲ್ಲಿ ಬಳಕೆಯಾಗುತ್ತದೆ ಎಂಬುದು ಗೊತ್ತಿದ್ದರೆ ಯಾವುದರಲ್ಲಿ ಎಚ್ಚರ ಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಮೊದಲು ಅವರು ಎಲ್ಲರಿಗೂ ಸಮಾನವಾದದ್ದನ್ನು ನೋಡುತ್ತಾರೆ. ಆಷಾಢ, ಭಾದ್ರಪದ, ಪುಷ್ಯ, ಅಧಿಕಮಾಸಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸವನ್ನೂ, ಗುರು ಅಥವಾ ಶುಕ್ರ ಅಸ್ತವಾಗಿರುವ ಮೌಢ್ಯದ ದಿನಗಳನ್ನೂ ಬಿಡುತ್ತಾರೆ. ಉಳಿದ ದಿನಗಳಲ್ಲಿ ರೋಹಿಣಿ, ಮೃಗಶಿರಾ, ಮೂರು ಉತ್ತರೆಗಳು, ಅನೂರಾಧ, ರೇವತಿಯಂತಹ ನಕ್ಷತ್ರಗಳು ಬರುವ ದಿನಗಳನ್ನು ಆರಿಸಿಕೊಳ್ಳುತ್ತಾರೆ. ಇಷ್ಟರಮಟ್ಟಿಗೆ ಕೆಲಸ ನಿಮ್ಮ ಜನ್ಮವಿವರವಿಲ್ಲದೆಯೂ ನಡೆಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ "ಗೃಹಪ್ರವೇಶ ಮುಹೂರ್ತಗಳು" ಇಷ್ಟೇ.

ಮುಂದಿನದು ನಿಮಗೆ ಮಾತ್ರ ಸೇರಿದ್ದು. ಯಜಮಾನ ಮತ್ತು ಯಜಮಾನಿಯ ಜನ್ಮನಕ್ಷತ್ರದಿಂದ ಆ ದಿನದ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸಿ, ಶೇಷ ನೋಡುತ್ತಾರೆ. ಇದು ತಾರಾಬಲ. ಶೇಷ 2, 4, 6, 8 ಬಂದರೆ ಅಥವಾ ಪೂರ್ತಿ ಭಾಗವಾಗಿ ಹೋದರೆ ಒಳ್ಳೆಯದು. ಮೂರು, ಐದು, ಏಳು ಬಂದರೆ ಬಿಡುತ್ತಾರೆ. ಆಮೇಲೆ ಜನ್ಮರಾಶಿಯಿಂದ ಆ ದಿನ ಚಂದ್ರ ಎಷ್ಟನೆಯ ಮನೆಯಲ್ಲಿದ್ದಾನೆ ಎಂದು ನೋಡುತ್ತಾರೆ. ಇದು ಚಂದ್ರಬಲ. ನಾಲ್ಕು, ಎಂಟು, ಹನ್ನೆರಡು ಬೇಡ, ಅದರಲ್ಲೂ ಎಂಟನೆಯದು ಖಂಡಿತ ಬೇಡ ಎನ್ನುತ್ತಾರೆ. ಮನೆಮನೆಗಳಲ್ಲಿ "ಅಷ್ಟಮ ಚಂದ್ರ" ಎಂದು ಹಿರಿಯರು ಗಾಬರಿಯಾಗುವುದು ಇದಕ್ಕೇ. ಕೊನೆಗೆ, ಆಯ್ದ ದಿನದಲ್ಲಿ ಒಂದು ಸ್ಥಿರ ಲಗ್ನವನ್ನು ಗೊತ್ತುಮಾಡುತ್ತಾರೆ. ವೃಷಭ, ಸಿಂಹ, ವೃಶ್ಚಿಕ, ಕುಂಭ ಇವು ಸ್ಥಿರ ಲಗ್ನಗಳು.

ಜನ್ಮವಿವರ: ತಪ್ಪು ಎಲ್ಲಿ ನುಸುಳುತ್ತದೆ

ಕೊಡಬೇಕಾದದ್ದು ಇಷ್ಟೇ: ದಂಪತಿಗಳಿಬ್ಬರ ಹೆಸರು, ಹುಟ್ಟಿದ ದಿನಾಂಕ, ವಾರ, ಸಮಯ, ಊರು, ಗೊತ್ತಿದ್ದರೆ ನಕ್ಷತ್ರ, ಪಾದ ಮತ್ತು ರಾಶಿ. ಹಳೆಯ ಜಾತಕ ಮನೆಯಲ್ಲಿದ್ದರೆ ಅದರ ಫೋಟೊ ಕಳುಹಿಸುವುದು ಎಲ್ಲಕ್ಕಿಂತ ಒಳ್ಳೆಯದು. ಗೋತ್ರ ಸಂಕಲ್ಪಕ್ಕೆ ಬೇಕು, ಮುಹೂರ್ತಕ್ಕೆ ಬೇಡ. ಆದರೂ ಹೇಳಿಬಿಟ್ಟರೆ ಒಂದು ಫೋನ್ ಉಳಿಯುತ್ತದೆ.

ದಿನಾಂಕದ ಬಗ್ಗೆ ಮೊದಲ ಎಚ್ಚರಿಕೆ ಶಾಲೆಯ ದಾಖಲೆಯದು. ಐವತ್ತು ದಾಟಿದ ಬಹಳ ಜನರ ಆಧಾರ್ ಕಾರ್ಡಿನಲ್ಲಿರುವುದು ಒಂದನೆಯ ತರಗತಿಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಬರೆದುಕೊಂಡ ತಾರೀಕು. ಅದನ್ನು ಕೊಟ್ಟರೆ ಬರುವುದು ಬೇರೆ ಯಾರದೋ ನಕ್ಷತ್ರ. "ದಾಖಲೆಯಲ್ಲಿ ಹೀಗಿದೆ, ನಿಜವಾದ ದಿನ ಇದು" ಎಂದು ಬಿಡಿಸಿ ಹೇಳಿ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ, ಮತ್ತು ಸಾಮಾನ್ಯ. ನಮ್ಮ ಹಿರಿಯರಿಗೆ, ಪಂಚಾಂಗಕ್ಕೂ, ದಿನ ಶುರುವಾಗುವುದು ಸೂರ್ಯೋದಯದಿಂದ. ಇಂಗ್ಲಿಷ್ ಕ್ಯಾಲೆಂಡರಿಗೆ ಮಧ್ಯರಾತ್ರಿಯಿಂದ. ಹಾಗಾಗಿ ನಡುರಾತ್ರಿ ದಾಟಿ ಹುಟ್ಟಿದವರ ವಿವರದಲ್ಲಿ ವಾರ ಒಂದು ಹೇಳುತ್ತದೆ, ತಾರೀಕು ಇನ್ನೊಂದು ಹೇಳುತ್ತದೆ. ಇದನ್ನು ಒಂದು ಲೆಕ್ಕದಲ್ಲೇ ನೋಡೋಣ.

ಮನೆಯ ಯಜಮಾನಿಯ ತಾಯಿ ಹೇಳುವುದು: "ಅವಳು ಹುಟ್ಟಿದ್ದು 1990ರ ಏಪ್ರಿಲ್, ಹುಣ್ಣಿಮೆಯ ಮಂಗಳವಾರ ರಾತ್ರಿ ಒಂದೂವರೆ ಗಂಟೆಗೆ." ಆ ಮಂಗಳವಾರ ಏಪ್ರಿಲ್ 10. ಆಕೆಯ ಮಾತಿನ ಸರಿಯಾದ ಅರ್ಥ, ಮಂಗಳವಾರದ ರಾತ್ರಿ ಕಳೆದು ಏಪ್ರಿಲ್ 11ರ ಬೆಳಗಿನ ಜಾವ 1:30. ಆಗ ಚಂದ್ರ ಚಿತ್ತಾ ನಕ್ಷತ್ರದ ನಾಲ್ಕನೆಯ ಪಾದದಲ್ಲಿದ್ದಾನೆ, ತುಲಾ ರಾಶಿ. ಅಳಿಯ ಮೊಬೈಲಿನಲ್ಲಿ "10-4-1990, 1:30" ಎಂದಷ್ಟೇ ಟೈಪ್ ಮಾಡಿ ಕಳುಹಿಸುತ್ತಾನೆ. ಪುರೋಹಿತರು ಅದನ್ನು ಹತ್ತನೆಯ ತಾರೀಕಿನ ಮಧ್ಯಾಹ್ನ ಎಂದು ತಿಳಿದರೆ ಚಿತ್ತಾ ಎರಡನೆಯ ಪಾದ, ಕನ್ಯಾ ರಾಶಿ ಬರುತ್ತದೆ. ಹತ್ತನೆಯ ತಾರೀಕಿನ ನಸುಕು ಎಂದು ತಿಳಿದರೆ ನಕ್ಷತ್ರವೇ ಬದಲಾಗಿ ಹಸ್ತಾ ಆಗುತ್ತದೆ. ಒಂದೇ ಮಾತು, ಮೂರು ಜಾತಕ. ಚಂದ್ರ ಒಂದು ಪಾದ ದಾಟಲು ಸುಮಾರು ಆರು ಗಂಟೆ ತೆಗೆದುಕೊಳ್ಳುತ್ತಾನೆ. ಹತ್ತು ನಿಮಿಷದ ವ್ಯತ್ಯಾಸದಿಂದ ಇಲ್ಲಿ ಏನೂ ಆಗುವುದಿಲ್ಲ, ಹಗಲು ರಾತ್ರಿ ಅದಲುಬದಲಾದರೆ ಎಲ್ಲವೂ ಆಗುತ್ತದೆ.

ಈಗ ಇದರ ಪರಿಣಾಮ. ಯಜಮಾನನದು ಮೃಗಶಿರಾ ಎರಡನೆಯ ಪಾದ, ವೃಷಭ ರಾಶಿ. ಮಾಘ ಶುದ್ಧದಲ್ಲಿ ಎರಡು ದಿನಗಳು ಕಣ್ಣಿಗೆ ಬಿದ್ದಿವೆ ಎನ್ನೋಣ. ಪಂಚಮಿ ಶುಕ್ರವಾರ ಉತ್ತರಾಭಾದ್ರ, ದಶಮಿ ಬುಧವಾರ ರೋಹಿಣಿ. ರೋಹಿಣಿಗೆ ತಾರಾಬಲ ಇಬ್ಬರಿಗೂ ಸೊಗಸಾಗಿದೆ. ಮೃಗಶಿರಾದಿಂದ ಎಣಿಸಿದರೆ 27, ಚಿತ್ತಾದಿಂದ 18, ಎರಡೂ ಒಂಬತ್ತರಿಂದ ಪೂರ್ತಿ ಭಾಗವಾಗುತ್ತವೆ. ಚಂದ್ರ ಅಂದು ವೃಷಭದಲ್ಲಿ. ಯಜಮಾನನಿಗೆ ಅದು ಜನ್ಮರಾಶಿಯೇ, ಅಡ್ಡಿಯಿಲ್ಲ. ಯಜಮಾನಿಯದು ಕನ್ಯಾ ಎಂದು ತಪ್ಪಾಗಿ ತಿಳಿದಿದ್ದರೆ ವೃಷಭ ಒಂಬತ್ತನೆಯದು, ಶುಕ್ಲಪಕ್ಷದಲ್ಲಿ ಒಪ್ಪುತ್ತಾರೆ. ಪುರೋಹಿತರು ಸಂತೋಷವಾಗಿ ಬುಧವಾರ ಎಂದುಬಿಡುತ್ತಾರೆ. ನಿಜವಾಗಿ ಆಕೆಯದು ತುಲಾ. ತುಲಾದಿಂದ ವೃಷಭ ಎಂಟನೆಯದು. ಆಮಂತ್ರಣ ಅಚ್ಚಾದ ಮೇಲೆ ಜಾತಕ ಕೈಗೆತ್ತಿಕೊಂಡ ಸೋದರಮಾವ ಇದನ್ನು ಕಂಡುಹಿಡಿಯುತ್ತಾರೆ. ಅಂಥವರು ಪ್ರತಿ ಕುಟುಂಬದಲ್ಲಿ ಒಬ್ಬರಾದರೂ ಇರುತ್ತಾರೆ.

ಶುಕ್ರವಾರದ ಉತ್ತರಾಭಾದ್ರಕ್ಕೆ ಎಣಿಸಿದರೆ ಮೃಗಶಿರಾದಿಂದ 22, ಚಿತ್ತಾದಿಂದ 13, ಎರಡರ ಶೇಷವೂ 4. ಚಂದ್ರ ಮೀನದಲ್ಲಿ. ವೃಷಭದಿಂದ ಹನ್ನೊಂದು, ತುಲಾದಿಂದ ಆರು, ಎರಡೂ ಒಳ್ಳೆಯವು. ಸರಿಯಾದ ವಿವರ ಕೊಟ್ಟಿದ್ದರೆ ಮೊದಲೇ ಈ ದಿನ ಸಿಗುತ್ತಿತ್ತು.

ಆದ್ದರಿಂದ ರಾತ್ರಿ ಹನ್ನೆರಡರಿಂದ ಬೆಳಗಿನ ಆರರ ನಡುವೆ ಹುಟ್ಟಿದವರ ವಿವರವನ್ನು ಎರಡು ದಿನಗಳನ್ನೂ ಹೆಸರಿಸಿ ಬರೆಯಿರಿ: "10ನೇ ತಾರೀಕು ಮಂಗಳವಾರ ರಾತ್ರಿ ಕಳೆದು 11ನೇ ತಾರೀಕು ಬೆಳಗಿನ ಜಾವ 1:30." ಹನ್ನೆರಡು ಗಂಟೆಯಾದರೆ ಮಧ್ಯಾಹ್ನವೋ ಮಧ್ಯರಾತ್ರಿಯೋ ಎಂದು ಅಕ್ಷರದಲ್ಲಿ ಬರೆಯಿರಿ. ಹೊರದೇಶದಲ್ಲಿ ಹುಟ್ಟಿದವರಾದರೆ ಅಲ್ಲಿನ ಆಸ್ಪತ್ರೆಯ ಗಡಿಯಾರದ ಸಮಯವನ್ನೇ ಕೊಟ್ಟು ಊರು, ದೇಶ ಹೇಳಿ. ನೀವೇ ಭಾರತದ ಸಮಯಕ್ಕೆ ಬದಲಾಯಿಸಿ ಕೊಟ್ಟರೆ ಅವರು ಇನ್ನೊಮ್ಮೆ ಬದಲಾಯಿಸುವ ಅಪಾಯವಿದೆ.

ಸಮಯ ಗೊತ್ತೇ ಇಲ್ಲದಿದ್ದರೆ ಗೊತ್ತಿಲ್ಲ ಎನ್ನಿ. "ದನ ಮನೆಗೆ ಬರುವ ಹೊತ್ತು" ಎಂದು ಅಜ್ಜಿ ಹೇಳಿದ್ದರೆ ಆ ಮಾತನ್ನೇ ದಾಟಿಸಿ. ಅದು ಆರು ಗಂಟೆ ಎಂದು ನೀವು ಕಲ್ಪಿಸಿ ಬರೆಯುವುದಕ್ಕಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಏನೂ ಸಿಗದಿದ್ದರೆ ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ಹಿಡಿಯುವ ರೂಢಿ ಇದೆ. ಆ ತೀರ್ಮಾನ ಅವರಿಗೆ ಬಿಟ್ಟದ್ದು.

ನಮ್ಮ ಅಡಚಣೆಗಳನ್ನು ಹೇಳುವುದು

ಮೊದಲು ಮನೆಯ ಬಗ್ಗೆ ಹೇಳಿ. ಹೊಸದಾಗಿ ಕಟ್ಟಿದ್ದೇ, ಬೇರೆಯವರು ವಾಸವಿದ್ದದ್ದನ್ನು ಕೊಂಡದ್ದೇ, ಕೆಡವಿ ರಿಪೇರಿ ಮಾಡಿಸಿದ್ದೇ, ಬಾಡಿಗೆಯದೇ? ಹೊಸ ಮನೆಯ ಪ್ರವೇಶಕ್ಕೆ ಇರುವ ಕಟ್ಟುನಿಟ್ಟು ಮಿಕ್ಕವಕ್ಕೆ ಅಷ್ಟಾಗಿ ಇಲ್ಲ. ಬಾಡಿಗೆ ಮನೆಗೆ ಹಾಲುಕ್ಕಿಸಲು ಹೊರಟವರು ಗೃಹಪ್ರವೇಶದ ಮುಹೂರ್ತಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ.

ಆಮೇಲೆ ಒಂದು ತಾರೀಕಿನ ಬದಲು ಒಂದು ಅವಧಿ ಕೊಡಿ. "ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ" ಎಂದರೆ ಅವರಿಗೆ ಆರಿಸಲು ಜಾಗವಿರುತ್ತದೆ. "ಫೆಬ್ರವರಿ ಎರಡನೆಯ ಭಾನುವಾರ ಹೇಗಿದೆ?" ಎಂದರೆ ಅದು ಮುಹೂರ್ತ ಕೇಳುವುದಲ್ಲ, ರುಜು ಹಾಕಿಸಿಕೊಳ್ಳುವುದು. ಭಾನುವಾರದ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ: ಗೃಹಪ್ರವೇಶಕ್ಕೆ ಭಾನುವಾರ, ಮಂಗಳವಾರ ಬೇಡ ಎನ್ನುವುದು ಶಾಸ್ತ್ರದ ಮಾತು. ನಗರಗಳಲ್ಲಿ ರಜೆಯ ಕಾರಣದಿಂದ ಭಾನುವಾರ ಮಾಡಿಸುವ ಪುರೋಹಿತರು ಬೇಕಾದಷ್ಟಿದ್ದಾರೆ, ಒಪ್ಪದವರೂ ಇದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. "ಭಾನುವಾರಕ್ಕೆ ಅವಕಾಶವಿದೆಯೇ? ಇಲ್ಲವಾದರೆ ನೀವು ಹೇಳಿದ ದಿನ ರಜೆ ಹಾಕುತ್ತೇವೆ" ಎಂದು ಕೇಳಿದರೆ ಅವರಿಗೆ ಸಂಕೋಚವಿಲ್ಲದೆ ಇಲ್ಲ ಎನ್ನಲು ಆಗುತ್ತದೆ.

ಅಡಚಣೆಗಳಲ್ಲಿ ಕದಲದವು ಯಾವುವು, ಹೊಂದಿಸಿಕೊಳ್ಳಬಹುದಾದವು ಯಾವುವು ಎಂದು ಮನೆಯಲ್ಲೇ ಕೂತು ತೀರ್ಮಾನಿಸಿಕೊಂಡು ಹೋಗಿ. ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕದಲುವುದಿಲ್ಲ. ದುಬೈಯಲ್ಲಿರುವ ತಮ್ಮನ ಟಿಕೆಟ್ ಕೊಳ್ಳುವವರೆಗೆ ಕದಲುತ್ತದೆ, ಕೊಂಡ ಮೇಲೆ ಇಲ್ಲ. ಅಪಾರ್ಟ್‌ಮೆಂಟಾದರೆ ಬಿಲ್ಡರ್ ಕೀಲಿ ಕೊಡುವ ದಿನ, ನೀರು ಮತ್ತು ವಿದ್ಯುತ್ ಬರುವ ದಿನ, ಹೋಮದ ಹೊಗೆಗೆ ಸಂಘದವರ ಒಪ್ಪಿಗೆ ಇವನ್ನು ಮೊದಲು ವಿಚಾರಿಸಿ. ವಾಸ್ತು ಹೋಮವನ್ನು ಹಿಂದಿನ ಸಂಜೆ ಮಾಡುವ ಪದ್ಧತಿ ನಿಮ್ಮ ಪುರೋಹಿತರದ್ದಾದರೆ ಆ ಸಂಜೆಯೂ ಮನೆ ತೆರೆದಿರಬೇಕು. ಇದನ್ನು ಮರೆತು ಬೆಳಗಿನ ಹೊತ್ತಿಗೆ ಮಾತ್ರ ಲಿಫ್ಟ್, ಪಾರ್ಕಿಂಗ್ ಕೇಳಿಕೊಂಡವರು ಹಿಂದಿನ ಸಂಜೆ ಇಟ್ಟಿಗೆ ಮರಳು ಹೊತ್ತು ಮೆಟ್ಟಿಲು ಹತ್ತಬೇಕಾಗುತ್ತದೆ.

ಹೇಳಲು ನಾಚಿಕೊಳ್ಳುವ ವಿಷಯಗಳೂ ಇವೆ. ಮನೆಯಲ್ಲಿ ಒಂದು ವರ್ಷದೊಳಗೆ ಸಾವಾಗಿದ್ದರೆ ಯಾರು ತೀರಿಕೊಂಡರು, ಯಾವಾಗ ಎಂದು ಮೊದಲೇ ತಿಳಿಸಿ, ವರ್ಷಾಂತಿಕ ಮುಗಿಯುವವರೆಗೆ ಶುಭಕಾರ್ಯ ಮಾಡಬಹುದೇ ಎಂಬುದು ಸಂಬಂಧದ ಮೇಲೆ ನಿಂತಿದೆ. ತಂದೆ ತಾಯಿಯ ಶ್ರಾದ್ಧದ ತಿಥಿ ಆ ಅವಧಿಯಲ್ಲಿ ಬಂದರೆ ಅದನ್ನೂ ಹೇಳಿ. ಯಜಮಾನಿ ಗರ್ಭಿಣಿಯಾಗಿದ್ದರೆ ಎಷ್ಟನೆಯ ತಿಂಗಳು ಎಂದು ಹೇಳಿ. ಮುಟ್ಟಿನ ದಿನಗಳನ್ನು ಪಾಲಿಸುವ ಮನೆಯಾದರೆ ವಿವರಣೆ ಬೇಕಿಲ್ಲ. "ಮನೆಯವರಿಗೆ ಇಷ್ಟನೆಯ ತಾರೀಕಿನಿಂದ ಇಷ್ಟನೆಯ ತಾರೀಕಿನವರೆಗೆ ಅನುಕೂಲವಿಲ್ಲ" ಎಂದರೆ ಸಾಕು, ಅವರು ಮರುಪ್ರಶ್ನೆ ಕೇಳುವುದಿಲ್ಲ.

ಕೇಳುವ ರೀತಿ

ಕುಟುಂಬದ ಪುರೋಹಿತರು ಹತ್ತಿರದಲ್ಲೇ ಇದ್ದರೆ ಹಣ್ಣು, ಎಲೆಯಡಿಕೆ, ದಕ್ಷಿಣೆ ಹಿಡಿದು ಹೋಗುವುದು ಹಳೆಯ ಕ್ರಮ, ಈಗಲೂ ಚೆನ್ನ. ಬರಿಗೈಯಲ್ಲಿ ಹೋಗಿ ಮುಹೂರ್ತ ಕೇಳಬಾರದು ಎನ್ನುತ್ತಾರೆ. ಫೋನಿನಲ್ಲಾದರೆ ಬೆಳಗಿನ ಪೂಜೆಯ ಹೊತ್ತು ಬಿಟ್ಟು, ಮೂರು ಗಂಟೆಯ ಮೇಲೆ ಮಾಡಿ, "ಈಗ ಮಾತನಾಡಲು ಅನುಕೂಲವೇ?" ಎಂದು ಕೇಳಿ ಶುರುಮಾಡಿ. ಕರೆಯುವುದು ಊರಿನ ರೂಢಿಯಂತೆ: ಶಾಸ್ತ್ರಿಗಳೆ, ಭಟ್ಟರೆ, ಜೋಯಿಸರೆ, ಆಚಾರ್ಯರೆ, ವೀರಶೈವ ಲಿಂಗಾಯತ ಮನೆಗಳಲ್ಲಿ ಅಯ್ಯನವರೆ ಅಥವಾ ಸ್ವಾಮಿಗಳೆ. ವಿವರಗಳನ್ನು ಮಾತ್ರ ಬಾಯಲ್ಲಿ ಹೇಳಬೇಡಿ, ಬರೆದು ಕಳುಹಿಸಿ. ಮೇಲಿನ ದಂಪತಿಯ ಸಂದೇಶ ಹೀಗಿರಬಹುದು:

"ಶಾಸ್ತ್ರಿಗಳಿಗೆ ನಮಸ್ಕಾರ. ಹೋದ ವರ್ಷ ನಮ್ಮ ತಂದೆಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿಕೊಟ್ಟಿದ್ದಿರಿ. ಮೈಸೂರಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದೇವೆ, ಗೃಹಪ್ರವೇಶಕ್ಕೆ ತಾವು ಮುಹೂರ್ತ ನೋಡಿಕೊಡಬೇಕು, ತಾವೇ ನಡೆಸಿಕೊಡಬೇಕು ಎಂದು ಕೇಳಿಕೊಳ್ಳುತ್ತೇವೆ. ನನ್ನದು ಮೃಗಶಿರಾ 2ನೇ ಪಾದ, ವೃಷಭ ರಾಶಿ, ಜಾತಕದ ಫೋಟೊ ಜೊತೆಗಿದೆ. ನನ್ನ ಪತ್ನಿ ಹುಟ್ಟಿದ್ದು ಹಾಸನದಲ್ಲಿ, 10-4-1990 ಮಂಗಳವಾರ ರಾತ್ರಿ ಕಳೆದು 11-4-1990 ಬೆಳಗಿನ ಜಾವ 1:30ಕ್ಕೆ. ಜಾತಕ ಬರೆಸಿಲ್ಲ. ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ ಆದರೆ ಅನುಕೂಲ, ಆಮೇಲೆ ಮಗಳಿಗೆ ಪರೀಕ್ಷೆ. ರಜಾದಿನ ಸಿಕ್ಕಿದರೆ ಸಂತೋಷ, ಸಿಗದಿದ್ದರೂ ತೊಂದರೆಯಿಲ್ಲ. ಮನೆಯಲ್ಲಿ ಸೂತಕ ಯಾವುದೂ ಇಲ್ಲ. ತಮಗೆ ಬಿಡುವಾದಾಗ ಎರಡು ಮೂರು ದಿನಗಳನ್ನು, ತಮಗೆ ಯಾವುದು ಹೆಚ್ಚು ಸರಿ ಎನಿಸುತ್ತದೆ ಎಂಬುದರೊಂದಿಗೆ ತಿಳಿಸಿದರೆ ಉಪಕಾರ. ಯಾವಾಗ ಫೋನ್ ಮಾಡಲಿ?"

"ತಾವೇ ನಡೆಸಿಕೊಡಬೇಕು" ಎಂಬ ಮಾತು ಬಹಳ ಮುಖ್ಯ. ಒಬ್ಬರ ಹತ್ತಿರ ಮುಹೂರ್ತ ಇಡಿಸಿ ಇನ್ನೊಬ್ಬರ ಹತ್ತಿರ ಪೂಜೆ ಮಾಡಿಸುವುದಿದ್ದರೆ ಅದನ್ನು ಮೊದಲೇ ಹೇಳಿ, ಮುಹೂರ್ತಕ್ಕೆ ಬೇರೆ ದಕ್ಷಿಣೆ ಕೊಡಿ. ಅವರ ಬಿಡುವೂ ಲೆಕ್ಕಕ್ಕೆ ಬರಬೇಕು. ಒಳ್ಳೆಯ ಮುಹೂರ್ತದ ದಿನ ಅವರನ್ನು ನಾಲ್ಕು ಮನೆಯವರು ಕಾಯುತ್ತಿರುತ್ತಾರೆ.

ಒಂದೇ ಪ್ರಶ್ನೆಯನ್ನು ಮೂವರು ಪುರೋಹಿತರಿಗೆ ಕಳುಹಿಸಿ ಉತ್ತರ ತಾಳೆ ನೋಡುವವರಿದ್ದಾರೆ. ಉತ್ತರ ತಾಳೆಯಾಗುವುದಿಲ್ಲ. ಹಳೆಯ ಮೈಸೂರಿನ ಕಡೆ ಒಂಟಿಕೊಪ್ಪಲ್ ಪಂಚಾಂಗ ಹಿಡಿಯುವವರು ಹೆಚ್ಚು, ಮಠಗಳಿಗೆ ಅವುಗಳದೇ ಪಂಚಾಂಗಗಳಿವೆ, ಕರಾವಳಿಯಲ್ಲಿ ಸೌರಮಾನ ನಡೆಯುತ್ತದೆ. ಗಣಿತ ಬೇರೆಯಾದರೆ ತಿಥಿ, ನಕ್ಷತ್ರ ಮುಗಿಯುವ ಗಳಿಗೆಯೂ ಬೇರೆ. ಮೊಬೈಲಿನ ಆ್ಯಪ್‌ನಲ್ಲಿ ಬೇರೆ ಕಂಡರೆ "ಆ್ಯಪ್‌ನಲ್ಲಿ ಹೀಗಿದೆ, ನಿಮ್ಮದು ತಪ್ಪಲ್ಲವೇ?" ಎನ್ನಬೇಡಿ. "ಅಂದು ನಕ್ಷತ್ರ ಎಷ್ಟು ಗಂಟೆಯವರೆಗೆ ಇದೆ?" ಎಂದು ಕೇಳಿದರೆ ಸಂಶಯ ತಾನಾಗಿ ಬಗೆಹರಿಯುತ್ತದೆ.

ಮನೆ ವಿದೇಶದಲ್ಲಿದ್ದರೆ ಅಲ್ಲಿನ ಊರಿಗೇ ಮುಹೂರ್ತ ಕೇಳಿ. ಬೆಂಗಳೂರಿನ ಪಂಚಾಂಗದ ಏಳೂವರೆ ಗಂಟೆಯನ್ನು ನ್ಯೂಜೆರ್ಸಿಯ ಗಡಿಯಾರಕ್ಕೆ ಹಾಗೆಯೇ ಇಟ್ಟರೆ ಲಗ್ನ ಬೇರೆ ಬರುತ್ತದೆ, ಒಮ್ಮೊಮ್ಮೆ ನಕ್ಷತ್ರವೂ.

ದಿನ ಸಿಕ್ಕ ಮೇಲೆ

ಪುರೋಹಿತರು ಹೇಳಿದ್ದನ್ನು ನೀವು ಬರೆದು ಅವರಿಗೇ ತೋರಿಸಿ: ಮಾಘ ಶುದ್ಧ ಪಂಚಮಿ ಶುಕ್ರವಾರ, ಉತ್ತರಾಭಾದ್ರ ನಕ್ಷತ್ರ, ಬೆಳಿಗ್ಗೆ 7:30ರಿಂದ 8:45ರೊಳಗೆ ಸಲ್ಲುವ ಕುಂಭ ಲಗ್ನ. ಇಂಗ್ಲಿಷ್ ತಾರೀಕನ್ನು ಪಕ್ಕದಲ್ಲಿ ಬರೆದು ವಾರದೊಂದಿಗೆ ಹೊಂದುತ್ತದೆಯೇ ನೋಡಿ. ಆ ಅವಧಿಯಲ್ಲಿ ನಡೆಯಬೇಕಾದದ್ದು ಯಾವುದು ಎಂದು ಕೇಳುವುದನ್ನು ಮರೆಯಬೇಡಿ. ಸಾಮಾನ್ಯವಾಗಿ ಅದು ಹೊಸ್ತಿಲು ದಾಟಿ ಒಳಗೆ ಹೋಗುವುದು. ಹಾಲುಕ್ಕಿಸುವುದು, ಪೂಜೆ, ಊಟ ಅದರ ನಂತರದವು. 7:30 ಎಂದರೆ ನೆಂಟರು ಏಳೂವರೆಗೆ ಹೊರಡುತ್ತಾರೆ. ಹತ್ತಿರದವರಿಗೆ 6:45 ಎಂದೇ ಹೇಳಿ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು, ಆದ್ದರಿಂದ ಈ ಲಗ್ನಕ್ಕೆ ತಾಕುವುದಿಲ್ಲ. ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ಅವರು ಕೊಟ್ಟ ಎರಡನೆಯ ದಿನವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಡುವೆ ದಾಯಾದಿಗಳಲ್ಲಿ ಸಾವೋ ಹೆರಿಗೆಯೋ ಆಗಿ ಸೂತಕ ಅಥವಾ ಪುರುಡು ಬಂದರೆ ಅದೇ ದಿನ ಪುರೋಹಿತರಿಗೆ ಫೋನ್ ಮಾಡಿ. ಎಷ್ಟು ದಿನ ತಟ್ಟುತ್ತದೆ ಎಂಬುದು ಎಷ್ಟನೆಯ ತಲೆಮಾರಿನ ಸಂಬಂಧ ಎಂಬುದರ ಮೇಲೆ ಹೋಗುತ್ತದೆ, ಅದನ್ನು ಅವರೇ ಹೇಳಬೇಕು. ಮುಂದೂಡಬೇಕಾಗಿ ಬಂದರೆ ಆ ಎರಡನೆಯ ದಿನದಿಂದ ಮಾತು ಶುರುಮಾಡಬಹುದು, ಜನ್ಮವಿವರ ಮತ್ತೆ ಕೊಡಬೇಕಾಗಿಲ್ಲ. ಆ ದಿನ ಅವರಿಗೆ ಇನ್ನೂ ಬಿಡುವಿದೆಯೇ ಎಂಬುದೊಂದನ್ನು ಮೊದಲು ಕೇಳಿ.